ಲ್ಯಾಪ್‌ಟಾಪ್ ಇಲ್ಲದಾಗ ಫೋನಿನಲ್ಲೇ ಪಿಪಿಟಿ ತಿದ್ದುವುದು ಹೇಗೆ?

ಪ್ರಶ್ನೆ: ನಾನು ಪ್ರಯಾಣದಲ್ಲಿದ್ದೇನೆ, ಲ್ಯಾಪ್‌ಟಾಪ್ ಜೊತೆಗಿಲ್ಲ. ನಾಳೆ ಬೆಳಿಗ್ಗೆ ನಮ್ಮ ಸಮೀಕ್ಷೆಯ ಪ್ರೆಸೆಂಟೇಶನ್. 18 ಸ್ಲೈಡಿನ ಪವರ್‌ಪಾಯಿಂಟ್ ಫೈಲ್ ಮೇಲ್‌ನಲ್ಲಿದೆ. "ಹೌದು" ಅಂದವರು 42% ಅಂತ ಇದೆ, ಅದು 46% ಆಗಬೇಕು. ಆ ಅಂಕಿ ಒಂದು ಚಾರ್ಟಿನಲ್ಲೂ ಇದೆ. 12ನೇ ಸ್ಲೈಡ್ ತೋರಿಸೋದು ಬೇಡ. ಸಭೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇರುತ್ತೆ, ಆದರೆ ಶುರುವಾಗೋಕೆ ಸ್ವಲ್ಪ ಮುಂಚೆ ಮಾತ್ರ ಕೈಗೆ ಸಿಗುತ್ತೆ. ಫೋನಿನಲ್ಲಿ ಮುಟ್ಟಿದರೆ ಎಲ್ಲ ಜರುಗಿಹೋಗುತ್ತೇನೋ ಅಂತ ಭಯ. ಹೇಗೆ ಮಾಡಲಿ?

ಉತ್ತರ: ಇಷ್ಟು ಕೆಲಸ ಫೋನಿನಲ್ಲಿ ಧಾರಾಳವಾಗಿ ಆಗುತ್ತೆ. ಅಕ್ಷರ, ಅಂಕಿ ಬದಲಿಸುವುದು ಮತ್ತು ಸ್ಲೈಡ್ ಮರೆಮಾಡುವುದು ಸುಲಭ. ಚಾರ್ಟ್ ಮಾತ್ರ ತೊಡಕಿನದು, ಅದಕ್ಕೆ ಬೇರೆ ದಾರಿ ಹಿಡಿಯಬೇಕು. ನೀವು ಹೇಳುವ "ಜರುಗಿಹೋಗುವ" ಭಯ ನಿಜವೇ, ಆದರೆ ಅದು ಜರುಗಿದ್ದನ್ನು ತಕ್ಷಣ ಕಂಡುಹಿಡಿಯೋಕೂ ಒಂದು ಉಪಾಯ ಇದೆ.

ಎಲ್ಲಕ್ಕಿಂತ ಮೊದಲು, ನೀವು ಯಾವ ಫೈಲನ್ನು ತಿದ್ದುತ್ತಿದ್ದೀರಿ ಅನ್ನೋದು ಗಟ್ಟಿ ಮಾಡಿಕೊಳ್ಳಿ. ಮೇಲ್‌ನಲ್ಲಿರುವ ಅಟ್ಯಾಚ್‌ಮೆಂಟಿನ ಮೇಲೆ ನೇರವಾಗಿ ತಟ್ಟಿದರೆ ಸಾಮಾನ್ಯವಾಗಿ ತೆರೆದುಕೊಳ್ಳುವುದು ಓದೋಕೆ ಮಾತ್ರ ಆಗುವ ಪ್ರತಿ, ಇಲ್ಲವೇ ಫೋನ್ ತಾತ್ಕಾಲಿಕವಾಗಿ ಇಟ್ಟುಕೊಂಡ ಪ್ರತಿ. ಅದರಲ್ಲಿ ಏನೇ ತಿದ್ದಿದರೂ ಮೇಲ್‌ನೊಳಗಿನ ಫೈಲ್ ಬದಲಾಗುವುದಿಲ್ಲ. ತುಂಬಾ ಜನ ಚೆನ್ನಾಗಿ ತಿದ್ದಿ, ಆಮೇಲೆ ಅದೇ ಮೇಲನ್ನು ಫಾರ್ವರ್ಡ್ ಮಾಡುತ್ತಾರೆ. ಹೋಗುವುದು ಹಳೇ ಫೈಲೇ! ಆದ್ದರಿಂದ ಮೊದಲು ಫೈಲನ್ನು ಡೌನ್‌ಲೋಡ್ ಮಾಡಿ. ಪವರ್‌ಪಾಯಿಂಟ್ ಆ್ಯಪ್‌ನಲ್ಲಿ ತೆರೆದು, ಮೆನುವಿನಲ್ಲಿ Save a copy ಅಥವಾ Save as ಅಂತ ಇರುವುದನ್ನು ಒತ್ತಿ. ಹೊಸ ಹೆಸರು ಕೊಡಿ, `survey_46_v2.pptx` ಅನ್ನುವ ಹಾಗೆ. ಹೊಸ ಅಂಕಿ ಹೆಸರಿನಲ್ಲೇ ಇದ್ದರೆ ನಾಳೆ ಗಡಿಬಿಡಿಯಲ್ಲಿ ಯಾವುದು ಸರಿಯಾದ ಫೈಲ್ ಅಂತ ಹುಡುಕಬೇಕಾಗುವುದಿಲ್ಲ.

ಫೈಲ್ ಒನ್‌ಡ್ರೈವ್‌ನಲ್ಲಿದ್ದು ನಾಲ್ಕು ಜನರ ಜೊತೆ ಹಂಚಿಕೊಂಡದ್ದಾದರೆ ಪ್ರತಿ ಮಾಡಿಕೊಳ್ಳುವುದು ಇನ್ನೂ ಮುಖ್ಯ. ಅಲ್ಲಿ ಸೇವ್ ತಾನಾಗಿಯೇ ಆಗುತ್ತಿರುತ್ತೆ. ನಿಮ್ಮ ಬೆರಳು ತಪ್ಪಿ ಒಂದು ಬಾಕ್ಸ್ ಜರುಗಿದರೆ, ಅದು ಆ ಕ್ಷಣವೇ ಎಲ್ಲರ ಫೈಲಿನಲ್ಲೂ ಜರುಗಿರುತ್ತೆ.

ಆ್ಯಪ್ ಯಾವುದು ಅನ್ನೋದಕ್ಕೆ ನನ್ನ ಉತ್ತರ ಒಂದೇ: ಫೈಲ್ ಯಾವುದರಲ್ಲಿ ಹುಟ್ಟಿದೆಯೋ ಅದರಲ್ಲೇ ತಿದ್ದಿ. ನಿಮ್ಮದು ಪವರ್‌ಪಾಯಿಂಟ್ ಫೈಲ್, ನಾಳೆ ತೋರಿಸುವುದೂ ಬಹುಶಃ ಪವರ್‌ಪಾಯಿಂಟಿನಲ್ಲೇ. ಹಾಗಾಗಿ ಪವರ್‌ಪಾಯಿಂಟ್ ಆ್ಯಪ್ ಹಾಕಿಕೊಳ್ಳಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ. ಐಫೋನಿನಲ್ಲಿ ಕೀನೋಟ್ ಕೈಗೆ ಸಿಗುವಂತಿರುತ್ತೆ ನಿಜ. ಆದರೆ ಅದು ಫೈಲನ್ನು ತನ್ನ ರೂಪಕ್ಕೆ ಬದಲಿಸಿ ತೆರೆಯುತ್ತೆ. ತಿದ್ದಿದ ಮೇಲೆ ಮತ್ತೆ ಪವರ್‌ಪಾಯಿಂಟಿಗೆ ಎಕ್ಸ್‌ಪೋರ್ಟ್ ಮಾಡಬೇಕು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಎರಡು ಕಡೆಯೂ ಫಾಂಟ್, ಅನಿಮೇಶನ್ ಅಲ್ಲಿ ಇಲ್ಲಿ ಕೈಕೊಡಬಹುದು. ಒಂದು ಅಂಕಿ ತಿದ್ದೋಕೆ ಅಷ್ಟು ದೂರ ಹೋಗುವುದು ಬೇಡ.

ಈಗ ತಿದ್ದುವ ಮುಂಚೆ ಒಂದು ಕಾಗದ ತೆಗೆದುಕೊಳ್ಳಿ. ಈ ಹಂತವನ್ನು ದಯವಿಟ್ಟು ಬಿಡಬೇಡಿ. 42 ಅನ್ನುವ ಅಂಕಿ ಬದಲಾದರೆ ಅದೊಂದೇ ಬದಲಾಗುವುದಿಲ್ಲ. ನಿಮ್ಮ ಸಮೀಕ್ಷೆಯಲ್ಲಿ 250 ಜನ ಉತ್ತರಿಸಿದ್ದಾರೆ ಅಂತ ಇಟ್ಟುಕೊಳ್ಳೋಣ. ಹೌದು 42%, ಇಲ್ಲ 38%, ಗೊತ್ತಿಲ್ಲ 20%. ಒಟ್ಟು ನೂರು. ಈಗ ಹೌದು 46% ಆಯಿತು ಅಂದರೆ ಉಳಿದೆರಡು ಹಾಗೇ ಇರೋಕೆ ಸಾಧ್ಯವಿಲ್ಲ, ಒಟ್ಟು 104 ಆಗಿಬಿಡುತ್ತೆ. ಅಲ್ವಾ? ಹೊಸ ಲೆಕ್ಕದಲ್ಲಿ ಇಲ್ಲ 36%, ಗೊತ್ತಿಲ್ಲ 18% ಅಂತ ಇರಬಹುದು. ಲೆಕ್ಕ ಕೊಟ್ಟವರಿಂದ ಮೂರೂ ಅಂಕಿಗಳನ್ನು ಕೇಳಿ ಪಡೆಯಿರಿ. ಜನರ ಸಂಖ್ಯೆಯೂ ಬದಲಾಗುತ್ತೆ: 105 ಜನ ಇದ್ದದ್ದು 115 ಆಗುತ್ತೆ, 95 ಇದ್ದದ್ದು 90, 50 ಇದ್ದದ್ದು 45. ಕೂಡಿ ನೋಡಿ, 250 ಬಂದರೆ ಸರಿ.

ಇನ್ನು ಇವು ಎಲ್ಲೆಲ್ಲಿ ಇವೆ ಅಂತ ಪತ್ತೆ ಮಾಡಬೇಕು. ಆ್ಯಪ್‌ನಲ್ಲಿ ಭೂತಗನ್ನಡಿಯ ಗುರುತು ಒತ್ತಿ "42" ಅಂತ ಹುಡುಕಿ, ಆಮೇಲೆ "105" ಅಂತ ಹುಡುಕಿ. ಸಿಕ್ಕ ಸ್ಲೈಡ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಆದರೆ ಹುಡುಕಾಟವನ್ನು ಪೂರ್ತಿ ನಂಬಬೇಡಿ. ಚಿತ್ರವಾಗಿ ಅಂಟಿಸಿದ ಟೇಬಲಿನೊಳಗಿನ ಅಂಕಿ ಅದಕ್ಕೆ ಕಾಣುವುದಿಲ್ಲ. "ಐವರಲ್ಲಿ ಇಬ್ಬರು" ಅಂತ ಮಾತಿನಲ್ಲಿ ಬರೆದಿದ್ದರೆ ಅದೂ ಸಿಗುವುದಿಲ್ಲ. 42ಕ್ಕೆ ಆ ಮಾತು ಹೊಂದುತ್ತಿತ್ತು, 46ಕ್ಕೆ "ಅರ್ಧಕ್ಕೆ ಹತ್ತಿರ" ಅನ್ನುವುದೇ ಸರಿ. "ಗುರಿಗಿಂತ 8 ಅಂಶ ಕಡಿಮೆ" ಅಂತ ಎಲ್ಲೋ ಇದ್ದು, ಗುರಿ 50 ಆಗಿದ್ದರೆ, ಆ 8 ಈಗ 4 ಆಗಬೇಕು. ಇಂಥವು ಕಣ್ಣಿಗಷ್ಟೇ ಸಿಗುತ್ತವೆ. ಆದ್ದರಿಂದ 18 ಸ್ಲೈಡನ್ನೂ ಒಮ್ಮೆ ನಿಧಾನವಾಗಿ ಸರಿಸುತ್ತಾ ಓದಿ. ಸ್ಲೈಡಿನ ಕೆಳಗಿನ ನೋಟ್ಸನ್ನೂ ತೆರೆದು ನೋಡಿ. ಸ್ಲೈಡಿನಲ್ಲಿ 46 ಇದ್ದು ನೋಟ್ಸಿನಲ್ಲಿ 42 ಉಳಿದರೆ, ಮಾತಾಡುವವರ ಬಾಯಲ್ಲಿ ಬರುವುದು 42.

ನಿಮ್ಮ ಫೈಲಿನಲ್ಲಿ ಹೀಗೆ ನಾಲ್ಕು ಕಡೆ ಸಿಕ್ಕಿತು ಅಂತ ಅಂದುಕೊಂಡು ಮುಂದೆ ಹೋಗುತ್ತೇನೆ: 3ನೇ ಸ್ಲೈಡಿನ ಮುಖ್ಯಾಂಶದಲ್ಲಿ 42%, 9ರಲ್ಲಿ ಚಾರ್ಟ್, 10ರಲ್ಲಿ 105 ಜನ, 17ರಲ್ಲಿ "ಐವರಲ್ಲಿ ಇಬ್ಬರು".

ಅಕ್ಷರ ತಿದ್ದುವಾಗ ಫೋನನ್ನು ಅಡ್ಡ ಹಿಡಿಯಿರಿ. ಎರಡು ಬೆರಳಿನಿಂದ ಹಿಗ್ಗಿಸಿ, ಬೇಕಾದ ಬಾಕ್ಸ್ ಪರದೆಯ ಬಹುಪಾಲು ತುಂಬುವ ಹಾಗೆ ಮಾಡಿಕೊಳ್ಳಿ. ಒಂದು ಸಲ ತಟ್ಟಿದರೆ ಬಾಕ್ಸ್ ಆಯ್ಕೆಯಾಗುತ್ತೆ, ಎರಡು ಸಲ ತಟ್ಟಿದರೆ ಒಳಗೆ ಕರ್ಸರ್ ಬರುತ್ತೆ. ಜರುಗುವ ತಾಪತ್ರಯ ಇರುವುದು ಆ ಮೊದಲ ತಟ್ಟಿನಲ್ಲೇ. ಬೆರಳು ಚೂರು ಎಳೆದರೂ ಬಾಕ್ಸ್ ಅದರ ಜೊತೆ ಬರುತ್ತೆ. ಸಣ್ಣ ಪರದೆಯಲ್ಲಿ ಅದು ಗೊತ್ತಾಗುವುದೇ ಇಲ್ಲ, ದೊಡ್ಡ ಪರದೆಗೆ ಹೋದಾಗ ಬಾಕ್ಸ್ ಸೊಟ್ಟಗೆ ಕೂತಿರುತ್ತೆ.

ಇದನ್ನು ಹಿಡಿಯೋಕೆ ಅನ್‌ಡು ಬಾಣದ ಮೇಲೆ ಕಣ್ಣಿಡಿ. ಫೈಲ್ ತೆರೆದು ಸುಮ್ನೆ ನೋಡುವಾಗ ಆ ಬಾಣ ಮಂಕಾಗಿರುತ್ತೆ, ಯಾಕೆಂದರೆ ಹಿಂದಕ್ಕೆ ತೆಗೆಯುವಂಥದ್ದು ಏನೂ ಇಲ್ಲ. ನೀವು ಏನೂ ಟೈಪ್ ಮಾಡದೆ ಬರೀ ತಟ್ಟಿದ್ದೀರಿ, ಆದರೂ ಬಾಣ ಎದ್ದು ಕಾಣುವಂತಾಯಿತು ಅಂದರೆ ಏನೋ ಜರುಗಿದೆ ಅಂತಲೇ ಅರ್ಥ. ಬಾಣ ಮತ್ತೆ ಮಂಕಾಗುವ ತನಕ ಒತ್ತಿ. ಇದೊಂದು ಅಭ್ಯಾಸ ಆದರೆ ಫೋನಿನಲ್ಲಿ ತಿದ್ದುವ ಭಯ ಅರ್ಧ ಕಡಿಮೆಯಾಗುತ್ತೆ. ನಿಜವಾದ ತಿದ್ದುಪಡಿ ಶುರುವಾದ ಮೇಲೆ ಬಾಣ ಸದಾ ಎದ್ದೇ ಇರುತ್ತೆ, ಆಗ ಈ ಗುರುತು ಕೆಲಸ ಮಾಡುವುದಿಲ್ಲ. ಅದಕ್ಕೇ ಮೊದಲ ಸುತ್ತಿನ ಹುಡುಕಾಟ ಮುಗಿಸಿ, ಏನೂ ಬದಲಾಗಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ತಿದ್ದೋಕೆ ಕೈ ಹಾಕಿ.

3ನೇ ಸ್ಲೈಡಿನಲ್ಲಿ 42% ದಪ್ಪಕ್ಷರದಲ್ಲಿ, ಬೇರೆ ಬಣ್ಣದಲ್ಲಿ ಇದೆ ಅಂದುಕೊಳ್ಳಿ. ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡಿದರೆ ಆ ಬಣ್ಣ, ಗಾತ್ರ ಕಳೆದುಹೋಗುವ ಸಂಭವ ಇದೆ. ಹೊಸ ಅಕ್ಷರ ತನ್ನ ಪಕ್ಕದ ಅಕ್ಷರದ ರೂಪವನ್ನೇ ತೆಗೆದುಕೊಳ್ಳುತ್ತೆ, ಪಕ್ಕದಲ್ಲಿ ಏನೂ ಉಳಿಯದಿದ್ದರೆ ಬೇರೆ ಎಲ್ಲಿಂದಲೋ ತೆಗೆದುಕೊಳ್ಳುತ್ತೆ. ಹಾಗಾಗಿ ಕರ್ಸರನ್ನು 4 ಮತ್ತು 2ರ ನಡುವೆ ಇಡಿ. ಮೊದಲು 6 ಒತ್ತಿ, ಈಗ 462% ಅಂತ ಕಾಣುತ್ತೆ. ಆಮೇಲೆ ಕರ್ಸರನ್ನು 2ರ ಆಚೆಗೆ ಸರಿಸಿ ಆ 2 ಅಳಿಸಿ. ಬಣ್ಣ, ಗಾತ್ರ ಎರಡೂ ಹಾಗೇ ಉಳಿಯುತ್ತವೆ. 10ನೇ ಸ್ಲೈಡಿನ 105ಕ್ಕೂ ಇದೇ ರೀತಿ. ಮೆಸೇಜಿನಿಂದಲೋ ಮೇಲ್‌ನಿಂದಲೋ ಕಾಪಿ ಮಾಡಿ ಅಂಟಿಸಬೇಡಿ. ಅಲ್ಲಿನ ಫಾಂಟೂ ಜೊತೆಗೇ ಬಂದುಬಿಡಬಹುದು.

17ನೇ ಸ್ಲೈಡಿನಲ್ಲಿ ಪದಗಳನ್ನೇ ಬದಲಿಸಬೇಕು. ಇಲ್ಲಿ ಫೋನಿನ ಕೀಲಿಮಣೆ ತಾನೇ ಪದ ತಿದ್ದುವ ಬಗ್ಗೆ ಎಚ್ಚರ ಇರಲಿ. ವ್ಯಕ್ತಿಯ ಹೆಸರು, ಸಂಕ್ಷಿಪ್ತ ರೂಪಗಳನ್ನು ಅದು ಬೇರೇನೋ ಮಾಡಿಬಿಡುತ್ತೆ. ತಿದ್ದಿದ ಸಾಲನ್ನು ಕೀಲಿಮಣೆ ಮುಚ್ಚಿದ ಮೇಲೆ ಇನ್ನೊಮ್ಮೆ ಓದಿ. ಹೊಸ ಮಾತು ಹಳೆಯದಕ್ಕಿಂತ ಉದ್ದ ಆಗದಂತೆ ನೋಡಿಕೊಳ್ಳಿ. ಉದ್ದವಾದರೆ ಸಾಲು ಮುರಿದು ಕೆಳಗಿನದನ್ನು ತಳ್ಳುತ್ತೆ. ಹೊಸ ಟೆಕ್ಸ್ಟ್ ಬಾಕ್ಸ್ ಸೇರಿಸುವ ಆಸೆ ಬಂದರೆ ತಡೆದುಕೊಳ್ಳಿ. ಆ ಸ್ಲೈಡಿನಲ್ಲಿ ಸಾಲುಗಳು ಒಂದೊಂದಾಗಿ ಬರುವ ಅನಿಮೇಶನ್ ಇದ್ದರೆ, ನಿಮ್ಮ ಹೊಸ ಬಾಕ್ಸಿಗೆ ಅದು ಇರುವುದಿಲ್ಲ. ಖಾಲಿ ಸ್ಲೈಡಿನ ಮೇಲೆ ಅದೊಂದೇ ಮೊದಲಿಂದ ಕೂತಿರುತ್ತೆ. ಇದ್ದ ಬಾಕ್ಸಿನೊಳಗೇ ತಿದ್ದಿದರೆ ಈ ರಗಳೆ ಇಲ್ಲ.

ಯಾವುದಾದರೂ ಲೋಗೊ, ದಿನಾಂಕ, ಅಡಿಬರಹ ಎಷ್ಟು ತಟ್ಟಿದರೂ ಆಯ್ಕೆಯಾಗದಿದ್ದರೆ ಅದರ ಜೊತೆ ಗುದ್ದಾಡಬೇಡಿ. ಅದು ಎಲ್ಲ ಸ್ಲೈಡುಗಳಿಗೂ ಒಂದೇ ಅಚ್ಚಿನಂತಿರುವ ಸ್ಲೈಡ್ ಮಾಸ್ಟರಿನಲ್ಲಿದೆ. ಫೋನಿನ ಆ್ಯಪ್‌ನಲ್ಲಿ ಮಾಸ್ಟರ್ ತಿದ್ದೋಕೆ ಆಗುವುದಿಲ್ಲ.

ಈಗ ಚಾರ್ಟಿಗೆ ಬರೋಣ. ಕಂಪ್ಯೂಟರಿನಲ್ಲಾದರೆ ಚಾರ್ಟಿನ ಹಿಂದಿರುವ ಅಂಕಿಗಳ ಶೀಟ್ ತೆರೆದು ಮೂರು ಅಂಕಿ ಬದಲಿಸಿದರೆ ಮುಗಿಯಿತು, ಕಂಬಗಳು ತಾವಾಗಿಯೇ ಏರಿಳಿಯುತ್ತವೆ. ಫೋನಿನಲ್ಲಿ ಆ ಶೀಟನ್ನು ನೆಚ್ಚಿಕೊಂಡು ಕೂರಬೇಡಿ. ಇಂಥ ಹೊತ್ತಿನಲ್ಲಿ ಜನ ಮಾಡುವ ಸುಲಭದ ಕೆಲಸ ಅಂದರೆ 42% ಅನ್ನುವ ಲೇಬಲಿನ ಮೇಲೆ ಬಿಳಿ ಚೌಕ ಇಟ್ಟು, ಅದರ ಮೇಲೆ 46% ಅಂತ ಬರೆಯುವುದು. ಇದನ್ನು ನಾನು ಖಂಡಿತ ಬೇಡ ಅನ್ನುತ್ತೇನೆ. ಲೇಬಲ್ 46 ಅನ್ನುತ್ತೆ, ಕಂಬ 42ರ ಎತ್ತರದಲ್ಲೇ ಇರುತ್ತೆ. ಪಕ್ಕದ ಕಂಬ 38ರಲ್ಲಿ ನಿಂತಿರುತ್ತೆ, ಅದಕ್ಕೆ 36 ಅಂತ ಲೇಬಲ್. ಎರಡರ ನಡುವಿನ ನಿಜವಾದ ಅಂತರ 10, ಕಣ್ಣಿಗೆ ಕಾಣುವುದು 4. ಸಮೀಕ್ಷೆಯ ಮುಖ್ಯ ವಿಷಯವೇ ಆ ಅಂತರ ಆಗಿರುವಾಗ ಇದು ತಪ್ಪು ಮಾಹಿತಿ ಕೊಟ್ಟ ಹಾಗೆ.

ಇದರ ಬದಲು ಹೀಗೆ ಮಾಡಿ. ಸ್ಲೈಡುಗಳ ಸಣ್ಣ ಚಿತ್ರಗಳ ಸಾಲಿನಲ್ಲಿ 9ನೇ ಸ್ಲೈಡನ್ನು ಒತ್ತಿ ಹಿಡಿದು Duplicate ಕೊಡಿ. ಮೂಲ ಸ್ಲೈಡನ್ನು ಮರೆಮಾಡಿ, Hide ಅಂತ ಅಲ್ಲೇ ಇರುತ್ತೆ. ಪ್ರತಿಯಾದ ಸ್ಲೈಡಿನಲ್ಲಿ ಚಾರ್ಟನ್ನು ಆಯ್ಕೆ ಮಾಡಿ ಅಳಿಸಿ. ಈಗ ಅಲ್ಲಿ ಏನಿಡಬೇಕು? ಇರುವುದು ಮೂರೇ ಅಂಕಿ ಆದ್ದರಿಂದ ನನ್ನ ಮೊದಲ ಆಯ್ಕೆ ಒಂದು ಸಣ್ಣ ಟೇಬಲ್. ಮೂರು ಸಾಲು, ಎರಡು ಕಾಲಂ, ದೊಡ್ಡ ಅಕ್ಷರ. ಹೌದು 46%, ಇಲ್ಲ 36%, ಗೊತ್ತಿಲ್ಲ 18%. ಓದುವವರಿಗೆ ಒಂದು ನೋಟಕ್ಕೆ ಗೊತ್ತಾಗುತ್ತೆ, ಫೋನಿನಲ್ಲಿ ಮಾಡೋದೂ ಸುಲಭ.

ಚಾರ್ಟೇ ಬೇಕು ಅಂದರೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಆ್ಯಪ್ ತೆರೆಯಿರಿ. ಮೂರು ಹೆಸರು, ಮೂರು ಅಂಕಿ ತುಂಬಿ ಚಾರ್ಟ್ ಸೇರಿಸಿ. ಅಕ್ಷದ ಕೆಳತುದಿ ಸೊನ್ನೆಯಿಂದ ಶುರುವಾಗಿದೆಯಾ ನೋಡಿ, ಇಲ್ಲದಿದ್ದರೆ ಕಂಬಗಳ ಅಂತರ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತೆ. ಫೋನ್ ಅಡ್ಡ ಹಿಡಿದು, ಚಾರ್ಟನ್ನು ಪರದೆ ತುಂಬ ಹಿಗ್ಗಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ತೆಗೆಯುವ ಮುಂಚೆ ಡಾರ್ಕ್ ಮೋಡ್ ಆಫ್ ಮಾಡಿ. ಇಲ್ಲದಿದ್ದರೆ ಬಿಳಿ ಸ್ಲೈಡಿನ ನಡುವೆ ಕಪ್ಪು ಚೌಕ ಬಂದು ಕೂರುತ್ತೆ. ಆಮೇಲೆ ಗ್ಯಾಲರಿಯಲ್ಲಿ ಸುತ್ತಲಿನ ಗೆರೆ, ಬಟನ್ ಎಲ್ಲ ಕತ್ತರಿಸಿ, ಸ್ಲೈಡಿನಲ್ಲಿ ಚಿತ್ರವಾಗಿ ಸೇರಿಸಿ. ಚಿತ್ರ ಮಸುಕಾಗುತ್ತೇನೋ ಅನ್ನುವ ಚಿಂತೆ ಬೇಡ. ಸಾಮಾನ್ಯ ಪ್ರೊಜೆಕ್ಟರ್ ತೋರಿಸುವುದು ಹೆಚ್ಚೆಂದರೆ 1920 ಪಿಕ್ಸೆಲ್ ಅಗಲ. ನಿಮ್ಮ ಚಾರ್ಟ್ ಸ್ಲೈಡಿನ ಅರ್ಧ ಅಗಲ ಇದ್ದರೆ 960 ಪಿಕ್ಸೆಲ್ ಸಾಕು. ಅಡ್ಡ ಹಿಡಿದ ಇಂದಿನ ಫೋನುಗಳ ಸ್ಕ್ರೀನ್‌ಶಾಟ್ ಅದಕ್ಕಿಂತ ಅಗಲವೇ ಇರುತ್ತೆ. ಆದರೆ ಆ ಚಿತ್ರವನ್ನು ನಿಮಗೆ ನೀವೇ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿ, ಅಲ್ಲಿಂದ ಇಳಿಸಿ ಬಳಸಬೇಡಿ. ಅದು ಕುಗ್ಗಿರುತ್ತೆ.

12ನೇ ಸ್ಲೈಡಿನ ವಿಷಯ. ಬರೀ "ಈ ಸಲ ಬೇಡ" ಅಂತಾದರೆ ಮರೆಮಾಡಿದರೆ ಸಾಕು, ತೋರಿಸುವಾಗ ಅದು ಹಾರಿಹೋಗುತ್ತೆ. ಸ್ಲೈಡ್ ಸಂಖ್ಯೆ ಹಾಕಿದ್ದರೆ ಮಾತ್ರ ಪರದೆಯ ಮೇಲೆ ಒಂದು ಸಂಖ್ಯೆ ಬಿಟ್ಟುಹೋದದ್ದು ಕಾಣುತ್ತೆ, ಯಾಕೆಂದರೆ ಮರೆಯಾದ ಸ್ಲೈಡೂ ಎಣಿಕೆಯಲ್ಲಿ ಇರುತ್ತೆ. ನೀವು ಮರೆಮಾಡಿದ ಹಳೇ 9 ಕೂಡ ಎಣಿಕೆಯಲ್ಲಿರುತ್ತೆ, ಹಾಗಾಗಿ 10ರಿಂದ ಮುಂದಿನದೆಲ್ಲ ಒಂದು ಸಂಖ್ಯೆ ಮುಂದಕ್ಕೆ ಹೋಗಿರುತ್ತೆ. ನಿಮ್ಮ 12 ಈಗ 13. ಅದೇ ಸ್ಲೈಡನ್ನೇ ಮರೆಮಾಡುತ್ತಿದ್ದೀರಾ ಅಂತ ಶೀರ್ಷಿಕೆ ಓದಿ ನೋಡಿಕೊಳ್ಳಿ. ಆ ಸ್ಲೈಡಿನಲ್ಲಿ ಇತರರು ನೋಡಬಾರದ ಮಾಹಿತಿ ಇದ್ದು, ಸಭೆಯ ನಂತರ ಫೈಲನ್ನು ಎಲ್ಲರಿಗೂ ಕಳಿಸುವ ಅಂದಾಜಿದ್ದರೆ ಮರೆಮಾಡಬೇಡಿ, ಅಳಿಸಿಬಿಡಿ. ಮರೆಮಾಡಿದ್ದನ್ನು ಫೈಲ್ ಕೈಗೆ ಸಿಕ್ಕ ಯಾರು ಬೇಕಾದರೂ ತೆರೆದು ನೋಡಬಹುದು. ಮೂಲ ಫೈಲ್ ನಿಮ್ಮ ಮೇಲ್‌ನಲ್ಲಿ ಇದ್ದೇ ಇದೆ.

ಇಷ್ಟಾದ ಮೇಲೆ ಒಮ್ಮೆ ಮೊದಲಿಂದ ನೋಡುವಾಗ ಕೆಲವು ಸ್ಲೈಡಿನಲ್ಲಿ ಅಕ್ಷರ ಬಾಕ್ಸಿನಿಂದ ಹೊರಗೆ ಚಾಚಿದ ಹಾಗೆ, ಸಾಲು ಎಲ್ಲೆಲ್ಲೋ ಮುರಿದ ಹಾಗೆ ಕಾಣಬಹುದು. ತಕ್ಷಣ ಅಕ್ಷರ ಸಣ್ಣ ಮಾಡೋಕೆ ಹೋಗಬೇಡಿ. ಮೊದಲು ನೀವು ಮುಟ್ಟದ ಒಂದು ಸ್ಲೈಡ್ ನೋಡಿ, 5ನೆಯದೋ 6ನೆಯದೋ. ಅಲ್ಲೂ ಹಾಗೇ ಚಾಚಿದ್ದರೆ ತಪ್ಪು ನಿಮ್ಮದಲ್ಲ. ಫೈಲ್ ಮಾಡಿದ ಕಂಪ್ಯೂಟರಿನ ಫಾಂಟ್ ನಿಮ್ಮ ಫೋನಿನಲ್ಲಿಲ್ಲ, ಅದರ ಜಾಗದಲ್ಲಿ ಸ್ವಲ್ಪ ಅಗಲವಾದ ಇನ್ನೊಂದು ಫಾಂಟ್ ಬಂದಿದೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಸರಿಯಾಗೇ ಕಾಣುತ್ತೆ. ಫೋನಿನಲ್ಲಿ ನೋಡಿ ಸಣ್ಣ ಮಾಡಿದರೆ ಅಲ್ಲಿ ಅಕ್ಷರ ಪುಟ್ಟದಾಗಿ ಕಾಣುತ್ತೆ. ಮುಟ್ಟದ ಸ್ಲೈಡುಗಳು ಸರಿಯಾಗಿದ್ದು, ತಿದ್ದಿದ್ದು ಮಾತ್ರ ಕೆಟ್ಟಿದ್ದರೆ ಆಗ ಅದನ್ನು ಸರಿಮಾಡಿ. ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವಾದರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತೆ. ಅದನ್ನು ಫೋನಿನಲ್ಲಿ ಮುಟ್ಟಲೇಬೇಡಿ. ಆ ಪದ ಬದಲಾಗಲೇಬೇಕು ಅಂದರೆ ಇಡೀ ವಾಕ್ಯವನ್ನು ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿ, ಒಂದು ಸಾಲಿನೊಳಗೆ ಎರಡನ್ನೂ ಬೆರೆಸಬೇಡಿ.

ಕಳಿಸುವುದು ಕೊನೆಯ ಕೆಲಸ. ಸೇವ್ ಆಗಿದೆಯಾ ನೋಡಿ, ಆ್ಯಪನ್ನು ಪೂರ್ತಿ ಮುಚ್ಚಿ, ಫೋನಿನ ಫೈಲ್ಸ್‌ನಿಂದ ಹೊಸ ಹೆಸರಿನ ಫೈಲನ್ನು ತೆರೆದು 3ನೇ ಸ್ಲೈಡಿನಲ್ಲಿ 46 ಇದೆಯಾ ಅಂತ ಕಣ್ಣಾರೆ ನೋಡಿ. ಆಮೇಲೆ ಮೇಲ್‌ಗೆ ಹೊಸದಾಗಿ ಅಟ್ಯಾಚ್ ಮಾಡಿ. ವಾಟ್ಸ್ಆ್ಯಪ್ ಆದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಜೊತೆಗೆ ಒಂದು ಪಿಡಿಎಫ್ ಪ್ರತಿಯೂ ಇರಲಿ, ಆದರೆ ಅದು ತುರ್ತಿಗೆ ಮಾತ್ರ. ಫೋನಿನಲ್ಲಿ ಮಾಡಿದ ಪಿಡಿಎಫ್‌ನಲ್ಲಿ ಫೋನಿನ ಬದಲಿ ಫಾಂಟೇ ಅಚ್ಚಾಗಿರುತ್ತೆ, ಅನಿಮೇಶನ್ ಇರುವುದಿಲ್ಲ. ಮರೆಮಾಡಿದ ಸ್ಲೈಡುಗಳು ಅದರಲ್ಲಿ ಸೇರಿಕೊಂಡಿವೆಯಾ ಅಂತಲೂ ತೆರೆದು ನೋಡಿ.

ನಾಳೆ ಲ್ಯಾಪ್‌ಟಾಪ್ ಕೈಗೆ ಸಿಕ್ಕ ಕೂಡಲೇ ಎಲ್ಲ ಸ್ಲೈಡ್ ನೋಡುತ್ತಾ ಕೂರೋಕೆ ಸಮಯ ಇರುವುದಿಲ್ಲ. ಕಾಗದದಲ್ಲಿ ಬರೆದ ನಾಲ್ಕನ್ನೇ ನೋಡಿ, ಈಗಿನ ಎಣಿಕೆಯಲ್ಲಿ ಅವು 3, 10, 11 ಮತ್ತು 18, ಹಳೇ 12ನ್ನು ಅಳಿಸಿಬಿಟ್ಟಿದ್ದರೆ ಕೊನೆಯದು 17. ಇನ್ನೂ ಎರಡು ನಿಮಿಷ ಉಳಿದಿದ್ದರೆ ಮರೆಮಾಡಿದ ಹಳೇ 9ನೇ ಸ್ಲೈಡಿಗೆ ಹೋಗಿ, ಚಾರ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ, Edit Data ಕೊಟ್ಟು 46, 36, 18 ತುಂಬಿ. ಚಾರ್ಟ್ ಸರಿಯಾಗಿ ಬಂದರೆ ಅದನ್ನು ತೋರಿಸಿ, ಫೋನಿನಲ್ಲಿ ಮಾಡಿದ ಸ್ಲೈಡನ್ನು ಮರೆಮಾಡಿ. ಶೀಟ್ ತೆರೆಯದೆ ಹಿಂದಿನ ಎಕ್ಸೆಲ್ ಫೈಲ್ ಸಿಗುತ್ತಿಲ್ಲ ಅಂತ ಸಂದೇಶ ಬಂದರೆ ಅಲ್ಲಿಗೇ ಬಿಟ್ಟು ನಿಮ್ಮ ಟೇಬಲನ್ನೇ ತೋರಿಸಿ.